ಶಟರ್ ಎಳೆದ ಮೇಲೂ ಓಡುವ ಮೀಟರ್

ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಅಂಗಡಿ ಇಟ್ಟವರನ್ನು ಕೇಳಿ ನೋಡಿ. ತಿಂಗಳಿಡೀ ಶಟರ್ ಎಳೆದು ಊರಿಗೆ ಹೋಗಿದ್ದರೂ ಬೆಸ್ಕಾಂ ಬಿಲ್ಲು ಸೊನ್ನೆ ಬರುವುದಿಲ್ಲ. ಒಂದು ಯೂನಿಟ್ ಕರೆಂಟ್ ಉರಿದಿರುವುದಿಲ್ಲ, ಆದರೂ ಮಂಜೂರಾದ ಲೋಡಿನ ಲೆಕ್ಕದಲ್ಲಿ ನಿಗದಿತ ಶುಲ್ಕ ಬಿದ್ದಿರುತ್ತದೆ. ಗೃಹಜ್ಯೋತಿ ಬಂದ ಮೇಲೆ ಮನೆಯವರಿಗೆ ಈ ಸಾಲು ಮರೆತೇ ಹೋಗಿದೆ, ಅಂಗಡಿಯವರಿಗೆ ಮರೆತಿಲ್ಲ. ಉರಿಸಿದ್ದಕ್ಕೆ ಒಂದು ಲೆಕ್ಕ, ನಿಮಗಾಗಿ ಹಿಡಿದಿಟ್ಟದ್ದಕ್ಕೆ ಇನ್ನೊಂದು ಲೆಕ್ಕ.

ಬೇರೆಯವರ ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಪಡೆಯುವ ಕ್ಲೌಡ್ ಸೇವೆಯ ಬಿಲ್ಲಿನಲ್ಲೂ ಇದೇ ಎರಡು ಮೀಟರ್ ಇವೆ. ಆದರೆ ಅದನ್ನು ಮಾರುವವರು ‘ಬಳಸಿದಷ್ಟಕ್ಕೆ ಮಾತ್ರ ದುಡ್ಡು’ ಎಂದು ಹೇಳಿ ಹೇಳಿ, ಎರಡನೆಯ ಮೀಟರ್ ಇರುವುದೇ ನಮ್ಮ ತಲೆಯಿಂದ ಹಾರಿಹೋಗಿದೆ. ಪ್ರಾಜೆಕ್ಟ್ ಮುಗಿಯಿತು, ಸರ್ವರ್ ನಿಲ್ಲಿಸಿದೆವು, ಇನ್ನು ಬಳಕೆ ಎಲ್ಲಿಂದ ಬರಬೇಕು ಎಂದುಕೊಳ್ಳುತ್ತೇವೆ. ಹಿಡಿದಿಟ್ಟದ್ದೂ ಬಳಕೆಯೇ ಎಂಬುದು ಅವರ ವ್ಯಾಖ್ಯಾನ.

ಒಂದು ತಂಡದ ಲೆಕ್ಕ ಇಟ್ಟುಕೊಂಡು ನೋಡೋಣ. ಇದು ಒಂದೇ ಕಚೇರಿಯ ಕಥೆಯಲ್ಲ. ಬೆಂಗಳೂರಿನ ಸಣ್ಣ ತಂಡಗಳಲ್ಲಿ ಮತ್ತೆ ಮತ್ತೆ ಕಾಣುವ ತುಣುಕುಗಳನ್ನು ಸೇರಿಸಿ ಕಟ್ಟಿದ ಉದಾಹರಣೆ. ಜಯನಗರದಲ್ಲಿ ಮಹಡಿಯ ಮೇಲೊಂದು ಕೋಣೆ, ಮೂರು ಜನ. ಕಲ್ಯಾಣ ಮಂಟಪಗಳ ಬುಕಿಂಗಿಗೆ ಒಂದು ಆ್ಯಪ್ ಕಟ್ಟಿದರು. ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಮುಂಬೈ ವಲಯದಲ್ಲಿ ಎರಡು ಸರ್ವರ್ ಇಟ್ಟರು. ಮಾರ್ಚಿನಲ್ಲಿ ಗಿರಾಕಿ ಕೈಬಿಟ್ಟರು. ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗ ಎರಡಕ್ಕೂ ‘ಸ್ಟಾಪ್’ ಒತ್ತಿ, ಬೇರೆ ಕೆಲಸ ಸಿಕ್ಕಿ ವೈಟ್‌ಫೀಲ್ಡಿಗೆ ಹೋದ. ಡಿಸೆಂಬರಿನಲ್ಲಿ ಲೆಕ್ಕ ಬರೆಯುವವರು ಕೇಳಿದರು: ‘ಈ ಹದಿನಾಲ್ಕು ಸಾವಿರದ ಚಿಲ್ಲರೆ ಪ್ರತಿ ತಿಂಗಳೂ ಹೋಗ್ತಿದೆಯಲ್ಲ ಸಾರ್, ಯಾವುದಕ್ಕೆ?’

ಯಾವುದಕ್ಕೆ ಎಂದು ತಿಳಿಯಲು ಮೊದಲು ಆ ‘ಸ್ಟಾಪ್’ ಏನು ಮಾಡಿತು ಎಂದು ನೋಡಬೇಕು. ನಾವು ಸರ್ವರ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಎಡಬ್ಲ್ಯೂಎಸ್‌ನ ಪುಸ್ತಕದಲ್ಲಿ ಒಂದು ವಸ್ತುವಲ್ಲ. ಪ್ರೊಸೆಸರ್ ಮತ್ತು ಮೆಮೊರಿ ಒಂದು ವಸ್ತು. ಅದಕ್ಕೆ ಸಿಕ್ಕಿಸಿದ ಡಿಸ್ಕ್ ಬೇರೆ ವಸ್ತು. ಹೊರಗಿನಿಂದ ಅದನ್ನು ತಲುಪುವ ಐಪಿ ವಿಳಾಸ ಮತ್ತೊಂದು. ಪ್ರತಿಯೊಂದಕ್ಕೂ ಬೇರೆ ಗುರುತು, ಬೇರೆ ಹುಟ್ಟು, ಬೇರೆ ಸಾವು, ಬೇರೆ ದರ. ‘ಸ್ಟಾಪ್’ ನಿಲ್ಲಿಸುವುದು ಮೊದಲನೆಯದರ ಮೀಟರನ್ನು ಮಾತ್ರ. ಡಿಸ್ಕ್ ಹಾಗೆಯೇ ಇರಬೇಕು, ಇಲ್ಲದಿದ್ದರೆ ನಾಳೆ ‘ಸ್ಟಾರ್ಟ್’ ಒತ್ತಿದಾಗ ನಿಮ್ಮ ಫೈಲುಗಳು ಎಲ್ಲಿಂದ ಬರಬೇಕು? ಆದ್ದರಿಂದ ಅದರ ಬಾಡಿಗೆ ಮುಂದುವರಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಪರದೆಯಲ್ಲಿ ‘ಸ್ಟಾಪ್ಡ್’ ಎಂದು ಕಂಡವರಿಗೆ ಬಿಲ್ಲೂ ನಿಂತಿತು ಅನಿಸುವುದು ಸಹಜ.

ಬೇರೆ ಸೇವೆಗಳಲ್ಲಿ ಈ ‘ಸ್ಟಾಪ್’ ಗುಂಡಿ ಇನ್ನೂ ವಿಚಿತ್ರ. ಮೈಕ್ರೋಸಾಫ್ಟಿನ ಕ್ಲೌಡ್ ಅಜೂರ್‌ನಲ್ಲಿ ಸರ್ವರಿನ ಒಳಗೆ ಲಾಗಿನ್ ಆಗಿ ಶಟ್‌ಡೌನ್ ಮಾಡಿದರೆ ಪ್ರೊಸೆಸರಿನ ಮೀಟರ್ ಕೂಡ ನಿಲ್ಲುವುದಿಲ್ಲ. ಪೋರ್ಟಲ್ಲಿನಿಂದಲೇ ನಿಲ್ಲಿಸಿ, ಸ್ಥಿತಿ `Stopped (deallocated)` ಎಂದು ಬಂದರೆ ಮಾತ್ರ ನಿಂತಂತೆ. ಬರೀ `Stopped` ಎಂದಿದ್ದರೆ ಪೂರ್ತಿ ಬಾಡಿಗೆ ಬೀಳುತ್ತಿರುತ್ತದೆ. ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ಗೆ ಇನ್ನೊಂದು ಚಾಳಿ: ನಿಲ್ಲಿಸಿದ ಡೇಟಾಬೇಸ್ 7 ದಿನವಾದ ಮೇಲೆ ತಾನಾಗಿ ಎದ್ದು ಕೂರುತ್ತದೆ. ನಿರ್ವಹಣೆಯ ಅಪ್‌ಡೇಟುಗಳು ತಪ್ಪಬಾರದೆಂದು ಹಾಗೆ ಮಾಡಿದ್ದಾರೆ. ಶುಕ್ರವಾರ ಸಂಜೆ ನಿಲ್ಲಿಸಿ ನೆಮ್ಮದಿಯಿಂದ ಮನೆಗೆ ಹೋದವರ ಡೇಟಾಬೇಸ್ ಮುಂದಿನ ಶುಕ್ರವಾರದಿಂದ ತಿಂಗಳುಗಟ್ಟಲೆ ಓಡುತ್ತಿರುತ್ತದೆ, ಕೇಳುವವರಿಲ್ಲದೆ.

ಜಯನಗರದ ಬಿಲ್ಲಿಗೆ ಬರೋಣ. ದರಗಳು ಡಾಲರಿನಲ್ಲಿ ಇರುವುದರಿಂದ ಲೆಕ್ಕಕ್ಕೆ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ, ತಿಂಗಳಿಗೆ 720 ಗಂಟೆ ಎಂದು ಹಿಡಿದಿದ್ದೇನೆ. ದರಗಳು ಬದಲಾಗುತ್ತಿರುತ್ತವೆ, ಆದರೆ ಪ್ರಮಾಣ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ನಿಲ್ಲಿಸಿದ ಎರಡು ಸರ್ವರಿಗೆ ತಲಾ 100 ಜಿಬಿ ಡಿಸ್ಕ್. ಮುಂಬೈಯಲ್ಲಿ `gp3` ಬಗೆಯ ಡಿಸ್ಕಿಗೆ ಜಿಬಿಗೆ ತಿಂಗಳಿಗೆ ಸುಮಾರು 0.0912 ಡಾಲರ್. ಎರಡೂ ಸೇರಿ 18.24 ಡಾಲರ್. ಡಿಸ್ಕಿನ ಒಳಗೆ ಇದ್ದದ್ದು ಮೂವತ್ತು ಜಿಬಿ ಇರಬಹುದು, ಅದು ಲೆಕ್ಕಕ್ಕಿಲ್ಲ. ಕೇಳಿ ಪಡೆದದ್ದು ನೂರು, ದುಡ್ಡು ನೂರಕ್ಕೆ. ಇದೇ ನಮ್ಮ ‘ಮಂಜೂರಾದ ಲೋಡ್’.

ಇಷ್ಟೇ ಆಗಿದ್ದರೆ ಸರಿ. ಆದರೆ ಪಟ್ಟಿಯಲ್ಲಿ ಮೂರನೆಯ ಡಿಸ್ಕ್ ಒಂದಿತ್ತು, 200 ಜಿಬಿಯದು, ಯಾವ ಸರ್ವರಿಗೂ ಸೇರದೆ ಅನಾಥವಾಗಿ ನಿಂತಿತ್ತು. ಅದು ಬಂದ ದಾರಿ ತಿಳಿಯಬೇಕು. ಜನವರಿಯಲ್ಲಿ ಮದುವೆ ಸೀಸನ್ನಿನ ದಟ್ಟಣೆ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ದೊಡ್ಡ ಸರ್ವರ್ ಒಂದನ್ನು ಎಬ್ಬಿಸಿ, ಅದಕ್ಕೆ ಈ ಡಿಸ್ಕ್ ಸಿಕ್ಕಿಸಿದ್ದರು. ಕೆಲಸವಾದ ಮೇಲೆ ಸರ್ವರನ್ನು ಸ್ಟಾಪ್ ಅಲ್ಲ, ಟರ್ಮಿನೇಟ್ ಮಾಡಿದ್ದರು, ಅಂದರೆ ಪೂರ್ತಿ ಅಳಿಸಿದ್ದರು. ಅಳಿಸುವಾಗ ಡಿಸ್ಕೂ ಹೋಗಬೇಕೇ ಎಂಬುದನ್ನು ಪ್ರತಿ ಡಿಸ್ಕಿನ ಮೇಲಿರುವ `DeleteOnTermination` ಎಂಬ ಗುರುತು ತೀರ್ಮಾನಿಸುತ್ತದೆ. ಸರ್ವರಿನ ಜತೆ ಹುಟ್ಟುವ ಮೂಲ ಡಿಸ್ಕಿಗೆ ಅದು ಸಾಮಾನ್ಯವಾಗಿ ‘ಹೌದು’. ಓಡುತ್ತಿರುವ ಸರ್ವರಿಗೆ ನಾವು ಆಮೇಲೆ ಸಿಕ್ಕಿಸಿದ ಡಿಸ್ಕಿಗೆ ‘ಇಲ್ಲ’. ಆಮೇಲೆ ಸಿಕ್ಕಿಸಿದ್ದರಲ್ಲೇ ಡೇಟಾ ಇರುತ್ತದೆ, ತಪ್ಪಿ ಅಳಿಸಿಹೋಗಬಾರದು ಎಂಬ ಎಚ್ಚರಿಕೆ. ಆ ಎಚ್ಚರಿಕೆಯ ಬೆಲೆ ಇಲ್ಲಿ ತಿಂಗಳಿಗೆ ಮತ್ತೊಂದು 18.24 ಡಾಲರ್. ಮಾಲೀಕ ಹೋದ, ಸಾಮಾನು ಗೋಡೌನಿನಲ್ಲಿ ಉಳಿಯಿತು.

ಇಂಥ ಅನಾಥ ಡಿಸ್ಕುಗಳನ್ನು ಹುಡುಕುವುದು ಸುಲಭ, ಏಕೆಂದರೆ ಅವುಗಳ ಸ್ಥಿತಿ `in-use` ಆಗಿರದೆ `available` ಆಗಿರುತ್ತದೆ. ಟರ್ಮಿನಲ್ಲಿನಲ್ಲಿ ಹೀಗೆ ಕೇಳಬಹುದು, `ap-south-1` ಅಂದರೆ ಮುಂಬೈ ವಲಯ:

```
aws ec2 describe-volumes --region ap-south-1 \
  --filters Name=status,Values=available \
  --query "Volumes[].[VolumeId,Size,CreateTime]" \
  --output table
```

ನಿಲ್ಲಿಸಿದ ಸರ್ವರಿಗೆ ಸೇರಿದ ಡಿಸ್ಕುಗಳು ಈ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಅವು ನಿಂತ ಸರ್ವರಿಗೇ ಅಂಟಿಕೊಂಡು `in-use` ಎಂದೇ ತೋರಿಸಿಕೊಳ್ಳುತ್ತವೆ. ‘ಅನಾಥ ಡಿಸ್ಕ್ ಒಂದೂ ಇಲ್ಲ’ ಎಂಬ ವರದಿ ನೋಡಿ ನಿಶ್ಚಿಂತರಾಗುವವರು ಎಡವುವುದು ಇಲ್ಲೇ.

ಬಿಲ್ಲಿನ ದೊಡ್ಡ ಸಾಲು ಡಿಸ್ಕಿನದ್ದಲ್ಲ, ಸರ್ವರಿನದ್ದೂ ಅಲ್ಲ. ಅದು ನ್ಯಾಟ್ ಗೇಟ್‌ವೇ. ಹೊರಗಿನವರಿಗೆ ಕಾಣದಂತೆ ಒಳಗಿಟ್ಟ ಸರ್ವರುಗಳು ಅಪ್‌ಡೇಟಿಗೋ ಪಾವತಿ ಸೇವೆಯನ್ನು ತಲುಪಲೋ ಇಂಟರ್ನೆಟ್ಟಿಗೆ ಹೋಗಬೇಕಾದಾಗ ಬಳಸುವ ಹಿತ್ತಲ ಬಾಗಿಲು ಅದು. ನೆಟ್‌ವರ್ಕ್ ಕಟ್ಟುವಾಗ ಒಂದು ಟಿಕ್ ಹಾಕಿದರೆ ತಾನೇ ಬಂದು ಕೂರುತ್ತದೆ. ಆಮೇಲೆ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಮುಂಬೈಯಲ್ಲಿ ಗಂಟೆಗೆ ಸುಮಾರು 0.056 ಡಾಲರ್, ಹಗಲೂ ರಾತ್ರಿ, ಒಂದು ಬೈಟ್ ದಾಟಿದರೂ ದಾಟದಿದ್ದರೂ. ತಿಂಗಳಿಗೆ 40.32 ಡಾಲರ್, ನಮ್ಮ ಲೆಕ್ಕದಲ್ಲಿ 3,600 ರೂಪಾಯಿಗೂ ಮೇಲೆ. ಮೂರು ಡಿಸ್ಕುಗಳೂ ಸೇರಿದರೂ ಇದಕ್ಕೆ ಸಮ ಆಗುವುದಿಲ್ಲ. ಇದಕ್ಕೆ ಸ್ಟಾಪ್ ಗುಂಡಿಯೇ ಇಲ್ಲ, ಇರುವುದು ಡಿಲೀಟ್ ಮಾತ್ರ.

ಮುಂಬಾಗಿಲಿನಲ್ಲಿ ಲೋಡ್ ಬ್ಯಾಲೆನ್ಸರ್ ನಿಂತಿತ್ತು, ಬರುವವರನ್ನು ಎರಡು ಸರ್ವರಿಗೆ ಹಂಚಲು. ಹಂಚಲು ಸರ್ವರುಗಳೇ ಎದ್ದಿಲ್ಲ, ಆದರೂ ಗಂಟೆಗೆ ಸುಮಾರು 0.0239 ಡಾಲರಿನಂತೆ 17.21. ಇದು ಬಳಕೆಯಲ್ಲಿದೆಯೋ ಇಲ್ಲವೋ ಎಂದು ನೋಡಲು ಅನೇಕರು `RequestCount` ಎಂಬ ಅಂಕಿ ತೆಗೆಯುತ್ತಾರೆ, ಅದು ಸೊನ್ನೆ ಇಲ್ಲದ್ದನ್ನು ಕಂಡು ಯಾರೋ ಬಳಸುತ್ತಿರಬೇಕು ಎಂದು ಮುಟ್ಟದೆ ಬಿಡುತ್ತಾರೆ. ಇಂಟರ್ನೆಟ್ಟಿಗೆ ತೆರೆದ ವಿಳಾಸದಲ್ಲಿ ಆ ಅಂಕಿ ಏರಿದ ಮಾತ್ರಕ್ಕೆ ಗಿರಾಕಿಗಳು ಬಂದರು ಎಂದಲ್ಲ. ಲೋಕದ ಬಾಟ್‌ಗಳೆಲ್ಲ ದಿನವಿಡೀ ಬಾಗಿಲು ತಟ್ಟಿ ಹೋಗುತ್ತಿರುತ್ತವೆ. ನೋಡಬೇಕಾದದ್ದು ಎಷ್ಟು ಜನ ತಟ್ಟಿದರು ಎಂದಲ್ಲ, ಒಳಗಿನಿಂದ ಯಾರಾದರೂ ಓಗೊಟ್ಟರೇ ಎಂದು. ಹಿಂದೆ ಆರೋಗ್ಯವಾಗಿರುವ ಸರ್ವರ್ ಒಂದೂ ಇಲ್ಲದೆ ತಿಂಗಳುಗಳೇ ಕಳೆದಿದ್ದರೆ ಬಳಕೆಯ ಪ್ರಶ್ನೆಯೇ ಇಲ್ಲ. ನ್ಯಾಟ್ ಗೇಟ್‌ವೇಯ ಮಟ್ಟಿಗೆ ಈ ಗೊಂದಲವಿಲ್ಲ. ಅದರ `BytesOutToDestination` ವಾರಗಟ್ಟಲೆ ಸೊನ್ನೆ ಇದ್ದರೆ ಆ ದಾರಿಯಲ್ಲಿ ಯಾರೂ ಓಡಾಡಿಲ್ಲ ಎಂದೇ ಅರ್ಥ.

ಐಪಿ ವಿಳಾಸಗಳದ್ದು ಚಿಲ್ಲರೆ ಕಾಟ. 2024ರ ಫೆಬ್ರುವರಿ 1ರಿಂದ ಎಡಬ್ಲ್ಯೂಎಸ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತದೆ, ಬಳಸಿದರೂ ಬಿಟ್ಟರೂ. ತಿಂಗಳಿಗೆ 3.60 ಡಾಲರ್. ನಮ್ಮ ತಂಡ ಸರ್ವರುಗಳಿಗೆಂದು ಎರಡು ವಿಳಾಸ ಕಾದಿರಿಸಿತ್ತು. ಗೇಟ್‌ವೇಗೆ ಒಂದು, ಲೋಡ್ ಬ್ಯಾಲೆನ್ಸರ್ ಎರಡು ಕಡೆ ಕಾಲೂರಿದ್ದಕ್ಕೆ ಎರಡು. ಒಟ್ಟು ಐದಕ್ಕೆ 18 ಡಾಲರ್.

ಇನ್ನು ಪ್ರತಿ ರಾತ್ರಿ ತೆಗೆದ ಸ್ನ್ಯಾಪ್‌ಶಾಟುಗಳು, ಅಂದರೆ ಡಿಸ್ಕಿನ ಆ ಕ್ಷಣದ ಪ್ರತಿ. ಒಟ್ಟು 300 ಜಿಬಿ, ಜಿಬಿಗೆ 0.05 ಡಾಲರಿನಂತೆ 15. ಕೊನೆಗೆ, ಅಮೆರಿಕದ ವರ್ಜೀನಿಯ ವಲಯದಲ್ಲಿ ಒಂದು ಪುಟ್ಟ ಸರ್ವರ್ ಇನ್ನೂ ಓಡುತ್ತಲೇ ಇತ್ತು. ಮೊದಲ ವಾರ ಕಲಿಯುತ್ತಾ ಮಾಡಿದ್ದು, ಡಿಸ್ಕ್ ಮತ್ತು ವಿಳಾಸ ಸೇರಿ ತಿಂಗಳಿಗೆ 11.73. ಅದು ಇಷ್ಟು ದಿನ ಯಾರ ಕಣ್ಣಿಗೂ ಬೀಳದ್ದಕ್ಕೆ ಕಾರಣ ಇದೆ: ಸರ್ವರುಗಳ ಪಟ್ಟಿ ತೆರೆದರೆ ಆ ಹೊತ್ತಿಗೆ ಆಯ್ಕೆಯಾಗಿರುವ ಒಂದು ವಲಯದ್ದು ಮಾತ್ರ ಕಾಣುತ್ತದೆ. ಮುಂಬೈ ಆಯ್ಕೆ ಮಾಡಿ ಕೂತವರಿಗೆ ವರ್ಜೀನಿಯ ಕಾಣುವುದಿಲ್ಲ. ಬಿಲ್ಲು ಮಾತ್ರ ಎಲ್ಲ ವಲಯಗಳಿಗೂ ಒಂದೇ.

ಎಲ್ಲ ಕೂಡಿದರೆ 138.74 ಡಾಲರ್, ಅಂದರೆ ಸುಮಾರು 12,487 ರೂಪಾಯಿ. ಮೇಲೆ ಶೇ 18 ಜಿಎಸ್‌ಟಿ. ತಿಂಗಳಿಗೆ 14,734. ಮಾರ್ಚ್ ಬಿಟ್ಟು ಲೆಕ್ಕ ಹಾಕಿದರೂ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಂಟು ತಿಂಗಳಿಗೆ ಒಂದು ಲಕ್ಷ ಹದಿನೇಳು ಸಾವಿರ ದಾಟಿತು. ಆ ಹುಡುಗ ನಿಲ್ಲಿಸಿದ ಎರಡು ಸರ್ವರಿನ ಪ್ರೊಸೆಸರ್ ಬಾಡಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಅವನು ಮಾಡಿದ ಕೆಲಸ ಸರಿಯಾಗಿಯೇ ಆಗಿತ್ತು.

ಎಂಟು ತಿಂಗಳು ಯಾರಿಗೂ ಏಕೆ ತಿಳಿಯಲಿಲ್ಲ? ಆ ಮೊತ್ತವನ್ನು ಇನ್ನೊಮ್ಮೆ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿಗೆ ಇ-ಮ್ಯಾಂಡೇಟ್ ಒಪ್ಪಿಗೆ ಕೊಟ್ಟಿದ್ದರೆ, ಮತ್ತೆ ಮತ್ತೆ ಬರುವ ಪಾವತಿಗಳು 15,000 ರೂಪಾಯಿವರೆಗೆ ಒಟಿಪಿ ಇಲ್ಲದೆ ದಾಟಬಹುದು. ಮೊದಲು ಈ ಮಿತಿ 5,000 ಇತ್ತು, 2022ರ ಜೂನಿನಲ್ಲಿ ಏರಿಸಿದರು. 14,734 ಆ ಬೇಲಿಯ ಕೆಳಗೆ ನುಸುಳಿತು. ಇನ್ನೂ 300 ರೂಪಾಯಿ ಹೆಚ್ಚಾಗಿದ್ದರೆ ಒಟಿಪಿ ಕೇಳುವ ನೆಪದಲ್ಲಾದರೂ ಯಾರಿಗೋ ಎಚ್ಚರವಾಗುತ್ತಿತ್ತು. ದುಡ್ಡು ಕಡಿಯುವ ಒಂದು ದಿನ ಮುಂಚೆ ಬ್ಯಾಂಕು ತಿಳಿಸುವ ಸಂದೇಶ ಬರುತ್ತಿತ್ತು ನಿಜ, ಆದರೆ ಕಚೇರಿಯ ಕಾರ್ಡಿಗೆ ಬರುವ ಅಂಥ ಹತ್ತಾರು ಸಂದೇಶಗಳ ನಡುವೆ ಅದೂ ಒಂದು. ಎಡಬ್ಲ್ಯೂಎಸ್‌ನ ಬಿಲ್ಲಿನ ಮೇಲ್ ಹೋಗುತ್ತಿದ್ದದ್ದು ಕೆಲಸ ಬಿಟ್ಟ ಹುಡುಗನ ವಿಳಾಸಕ್ಕೆ.

ಇದನ್ನು ಬಿಡಿಸಲು ಸರ್ವರುಗಳ ಪರದೆಯಿಂದ ಶುರು ಮಾಡಬಾರದು, ಬಿಲ್ಲಿನಿಂದ ಶುರು ಮಾಡಬೇಕು. ಸರ್ವರುಗಳ ಪರದೆ ನೀವು ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ, ಬಿಲ್ಲು ಇರುವುದನ್ನೆಲ್ಲ ತೋರಿಸುತ್ತದೆ. `Bills` ಪುಟದಲ್ಲಿ ಪ್ರತಿ ಸೇವೆಯನ್ನು ಬಿಡಿಸಿದರೆ ವಲಯ, ವಲಯವನ್ನು ಬಿಡಿಸಿದರೆ ಒಂದೊಂದೇ ಸಾಲು ಬರುತ್ತದೆ. ಇದನ್ನೇ `Cost Explorer`ನಲ್ಲಿ ಬಳಕೆಯ ಬಗೆಯ ಪ್ರಕಾರ ನೋಡಿದರೆ `APS3-NatGateway-Hours`, `APS3-EBS:VolumeUsage.gp3` ಎಂಬಂಥ ಹೆಸರುಗಳು ಕಾಣುತ್ತವೆ. `APS3` ಅಂದರೆ ಮುಂಬೈ. ಹೀಗೆ ಯಾವ ಪೂರ್ವಪದವೂ ಇಲ್ಲದ ಸಾಲು ಕಂಡರೆ ಅದು ಸಾಮಾನ್ಯವಾಗಿ ವರ್ಜೀನಿಯದ್ದು, ಮರೆತ ಸರ್ವರ್ ಸಿಕ್ಕಿದ್ದೂ ಹಾಗೆಯೇ. ಸೇವೆಗಳ ಹೆಸರಿನಲ್ಲಿ `EC2-Other` ಎಂದು ಒಂದು ಸಾಲು ಇರುತ್ತದೆ. ಡಿಸ್ಕು, ಸ್ನ್ಯಾಪ್‌ಶಾಟು, ನ್ಯಾಟ್ ಗೇಟ್‌ವೇ ಎಲ್ಲ ಅದರೊಳಗೇ ಅಡಗಿರುತ್ತವೆ. ‘ಇತರೆ’ ಎಂದು ಬರೆದದ್ದರಲ್ಲಿ ಮುಖ್ಯವಾದದ್ದು ಇರುವುದು ನಮ್ಮ ಸರ್ಕಾರಿ ಕಡತಗಳಿಗೆ ಮಾತ್ರ ಸೀಮಿತವಲ್ಲ.

ಅಳಿಸುವುದರಲ್ಲಿ ಕ್ರಮ ಮುಖ್ಯ, ಏಕೆಂದರೆ ಒಂದನ್ನು ತೆಗೆದರೆ ಇನ್ನೊಂದು ಉಳಿಯುವ ಜಾಗಗಳಿವೆ. ನ್ಯಾಟ್ ಗೇಟ್‌ವೇ ಅಳಿಸಿದರೂ ಅದರ ಐಪಿ ವಿಳಾಸ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದನ್ನು ಬೇರೆಯಾಗಿ ‘ರಿಲೀಸ್’ ಮಾಡಬೇಕು. ಸರ್ವರಿಗೆ ಕಾದಿರಿಸಿದ ವಿಳಾಸಗಳೂ ಹಾಗೆಯೇ. ಲೋಡ್ ಬ್ಯಾಲೆನ್ಸರಿನ ವಿಳಾಸಗಳು ಮಾತ್ರ ಅದರ ಜತೆಗೇ ಹೋಗುತ್ತವೆ. ಸ್ನ್ಯಾಪ್‌ಶಾಟ್ ಒಂದು ಅಳಿಯಲು ಒಪ್ಪದಿದ್ದರೆ, ಸಾಮಾನ್ಯವಾಗಿ ಅದರಿಂದ ಎಎಂಐ ಎಂಬ ಸರ್ವರಿನ ಅಚ್ಚು ಒಂದನ್ನು ಯಾರೋ ಮಾಡಿಟ್ಟಿದ್ದಾರೆ ಎಂದರ್ಥ. ಮೊದಲು ಆ ಅಚ್ಚಿನ ನೋಂದಣಿ ರದ್ದು ಮಾಡಬೇಕು.

ಸ್ನ್ಯಾಪ್‌ಶಾಟಿನ ಲೆಕ್ಕ ಸ್ವಲ್ಪ ಸೂಕ್ಷ್ಮ. ಮೊದಲನೆಯದರಲ್ಲಿ ಡಿಸ್ಕಿನಲ್ಲಿ ಬರೆದದ್ದೆಲ್ಲ ಇರುತ್ತದೆ, ಆಮೇಲಿನವುಗಳಲ್ಲಿ ಹಿಂದಿನ ರಾತ್ರಿಯಿಂದ ಬದಲಾದದ್ದು ಮಾತ್ರ. ಹಳೆಯದನ್ನು ಅಳಿಸಿದರೆ ಹೊಸದು ಕೆಡುವುದಿಲ್ಲ, ಅದಕ್ಕೆ ಬೇಕಾದ ತುಣುಕುಗಳನ್ನು ಉಳಿಸಿಕೊಂಡು ಬೇಡದ್ದನ್ನಷ್ಟೇ ತೆಗೆಯುತ್ತದೆ. ಆದ್ದರಿಂದ ಕೊನೆಯದೊಂದನ್ನು ಇಟ್ಟು ಉಳಿದೆಲ್ಲವನ್ನೂ ತೆಗೆಯಬಹುದು, ಆದರೆ ಹತ್ತರಲ್ಲಿ ಒಂಬತ್ತನ್ನು ಅಳಿಸಿದೆವು, ಬಿಲ್ಲೂ ಹತ್ತನೆಯ ಒಂದಂಶ ಆಗುತ್ತದೆ ಎಂದು ಲೆಕ್ಕ ಹಾಕಬಾರದು. ಡಿಸ್ಕಿನಲ್ಲಿ ಏನಿದೆ ಎಂದು ಯಾರಿಗೂ ನೆನಪಿಲ್ಲದಿದ್ದಾಗ ಈ ಗುಣವೇ ಕೈಹಿಡಿಯುತ್ತದೆ. ಡಿಸ್ಕಿನ ಒಂದು ಸ್ನ್ಯಾಪ್‌ಶಾಟ್ ತೆಗೆದು, ಅದು ಪೂರ್ಣವಾಯಿತು ಎಂದು ಖಚಿತಪಡಿಸಿಕೊಂಡು ಡಿಸ್ಕನ್ನು ಅಳಿಸಬಹುದು. ಡಿಸ್ಕಿಗೆ ಕೊಡುತ್ತಿದ್ದದ್ದು ಮಂಜೂರಾದ 100 ಜಿಬಿಯ ಬಾಡಿಗೆ, ಸ್ನ್ಯಾಪ್‌ಶಾಟಿಗೆ ಕೊಡುವುದು ಬರೆದ 30 ಜಿಬಿಗೆ ಮಾತ್ರ, ಅದೂ ಕಡಿಮೆ ದರದಲ್ಲಿ. ಬೇಕಾದರೆ ನಾಳೆ ಅದರಿಂದಲೇ ಡಿಸ್ಕ್ ಮತ್ತೆ ಕಟ್ಟಿಕೊಳ್ಳಬಹುದು.

ಎಡಬ್ಲ್ಯೂಎಸ್‌ನಲ್ಲಿ ಫೈಲುಗಳನ್ನು ಇಡುವ ಎಸ್3 ಸಂಗ್ರಹ ಬಳಸಿದವರಿಗೆ ಒಂದು ಮಾತು. ಅಲ್ಲಿ ಫೈಲುಗಳನ್ನು ತುಂಬುವ ಬಕೆಟ್ಟಿನ ಪಟ್ಟಿ ಖಾಲಿ ಕಂಡರೂ ಬಿಲ್ಲು ಬರಬಹುದು. ಹಳೆಯ ಆವೃತ್ತಿಗಳನ್ನು ಉಳಿಸುವ ಏರ್ಪಾಡು ಮಾಡಿದ್ದರೆ, ಅಳಿಸಿದ ಫೈಲಿನ ಮೇಲೆ ‘ಅಳಿಸಲಾಗಿದೆ’ ಎಂಬ ಚೀಟಿ ಬೀಳುತ್ತದೆಯೇ ಹೊರತು ಫೈಲು ಹೋಗುವುದಿಲ್ಲ. ದೊಡ್ಡ ಫೈಲೊಂದನ್ನು ತುಂಡು ತುಂಡಾಗಿ ಏರಿಸುವಾಗ ನಡುವೆ ಕೈಕೊಟ್ಟಿದ್ದರೆ, ಏರಿದ ತುಂಡುಗಳು ಸಾಮಾನ್ಯ ಪಟ್ಟಿಗೆ ಕಾಣದೆ ಬಾಡಿಗೆ ತಿನ್ನುತ್ತಿರುತ್ತವೆ.

ಕಾರ್ಡನ್ನೇ ಬ್ಲಾಕ್ ಮಾಡಿಬಿಡೋಣ ಎನ್ನುವವರು ಇದ್ದಾರೆ. ಕಾರ್ಡು ನಿಂತರೆ ಪಾವತಿ ನಿಲ್ಲುತ್ತದೆ, ಮೀಟರ್ ನಿಲ್ಲುವುದಿಲ್ಲ, ಬಾಕಿ ಏರುತ್ತಾ ಹೋಗುತ್ತದೆ. ಬಜೆಟ್ ಎಂಬ ಸೌಲಭ್ಯವೂ ಹೆಸರು ಕೇಳಿ ಅಂದುಕೊಂಡ ಹಾಗಲ್ಲ. ಒಂದು ಮೊತ್ತದ ಬಜೆಟ್ ಇಟ್ಟರೆ ಅದು ದಾಟಿದಾಗ ಮೇಲ್ ಬರುತ್ತದೆ, ಖರ್ಚು ತಾನಾಗಿ ನಿಲ್ಲುವುದಿಲ್ಲ, ಮೇಲ್ ಕೂಡ ಕೆಲವು ಗಂಟೆ ತಡವಾಗಿಯೇ ಬರುತ್ತದೆ. ಹಾಗಿದ್ದರೂ ಮರೆತ ಸರ್ವರಿನ ವಿಷಯದಲ್ಲಿ ಅಷ್ಟು ಸಾಕು, ತಿಂಗಳುಗಳ ಸೋರಿಕೆಗೆ ಗಂಟೆಗಳ ತಡ ಲೆಕ್ಕಕ್ಕಿಲ್ಲ. ಆ ಮೇಲ್ ಒಬ್ಬ ನೌಕರನ ವಿಳಾಸಕ್ಕೆ ಹೋಗದೆ ಲೆಕ್ಕದವರೂ ನೋಡುವ ವಿಳಾಸಕ್ಕೆ ಹೋಗಬೇಕು ಅಷ್ಟೆ. ಖಾತೆಯೇ ಬೇಡವಾದರೆ ಮುಚ್ಚಬಹುದು. ಮುಚ್ಚಿದ ಮೇಲೆ 90 ದಿನ ಅದನ್ನು ಮತ್ತೆ ತೆರೆಯುವ ಅವಕಾಶ ಇರುತ್ತದೆ. ಆದರೆ ವರ್ಷಕ್ಕೋ ಮೂರು ವರ್ಷಕ್ಕೋ ಮೊದಲೇ ಮಾತುಕೊಟ್ಟು ಕಡಿಮೆ ದರ ಪಡೆದಿದ್ದರೆ, ಮುಚ್ಚಿದ ಮಾತ್ರಕ್ಕೆ ಆ ಕರಾರು ಹರಿಯುವುದಿಲ್ಲ.

ಜಯನಗರದವರು ಡಿಸೆಂಬರ್ 9ರಂದು ಕೂತು ಇದನ್ನೆಲ್ಲ ತೆಗೆದರು. ಒಂದು ಮಧ್ಯಾಹ್ನದ ಕೆಲಸ. ಅದರಲ್ಲಿ ಅರ್ಧ ಹೊತ್ತು ಹೋದದ್ದು ಖಾತೆಯ ಮೂಲ ಲಾಗಿನ್ ಇದ್ದ ಮೇಲ್ ವಿಳಾಸಕ್ಕಾಗಿ ಆ ಹಳೆಯ ಹುಡುಗನಿಗೆ ಫೋನು ಮಾಡುವುದರಲ್ಲಿ. ಜನವರಿಯ ಮೊದಲ ವಾರ ಬಂದ ಬಿಲ್ಲಿನಲ್ಲಿ ನ್ಯಾಟ್ ಗೇಟ್‌ವೇಯ ಸಾಲು ಇನ್ನೂ ಇದ್ದದ್ದು ಕಂಡು ಒಮ್ಮೆ ಎದೆ ಧಸಕ್ಕೆಂದಿತು. ಆಮೇಲೆ ಗಂಟೆ ಎಣಿಸಿದರೆ ಇನ್ನೂರರ ಆಸುಪಾಸು, ಡಿಸೆಂಬರ್ 1ರಿಂದ 9ರವರೆಗಿನದು. ಫೆಬ್ರುವರಿಯಲ್ಲಿ ಬಂದ ಬಿಲ್ಲು 159 ರೂಪಾಯಿ: ಗಿರಾಕಿಯ ಬುಕಿಂಗ್ ದಾಖಲೆಗಳಿದ್ದ 30 ಜಿಬಿಯ ಒಂದು ಸ್ನ್ಯಾಪ್‌ಶಾಟು, ಮತ್ತು ಅದರ ಜಿಎಸ್‌ಟಿ. ಅದರ ಹೆಸರಿನಲ್ಲೇ ಅಳಿಸಬೇಕಾದ ತಾರೀಕು ಬರೆದಿಟ್ಟಿದ್ದಾರೆ.